ಅಂಗಡಿಗೆ ನೆನಪಿನಲ್ಲಿ ಉಳಿಯುವ ಫೋನ್ ನಂಬರ್: ಖರ್ಚೆಷ್ಟು, ಲಾಭವೇನು, ತೊಡಕೆಲ್ಲಿ



ಅಂಗಡಿ ಇಟ್ಟುಕೊಂಡಿರುವ ನಮ್ಮ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾ ಬಂದಿದ್ದಾರೆ. "ಫ್ಯಾನ್ಸಿ ನಂಬರ್ ತೆಗೆದುಕೊಂಡರೆ ವ್ಯಾಪಾರ ಹೆಚ್ಚುತ್ತದೆಯೇ? ಅದಕ್ಕೆ ಹತ್ತು ಹದಿನೈದು ಸಾವಿರ ಕೊಡಬಹುದೇ?" ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇವೆ. ಮಡಕಶಿರಾದ ಒಬ್ಬ ಸದಸ್ಯರು ಹೋದ ವರ್ಷ ಈ ಕೆಲಸಕ್ಕೆ ಕೈಹಾಕಿದಾಗ ನಾವೂ ಜೊತೆಗಿದ್ದೆವು. ಅವರ ಲೆಕ್ಕದ ಪುಸ್ತಕ ನೋಡಿದ್ದೇವೆ. ಆದ್ದರಿಂದ ಅವರ ಅಂಗಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಹೆಸರು ಬರೆಯುವುದು ಬೇಡ ಎಂದು ಅವರು ಹೇಳಿದ್ದಾರೆ.

ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ರೈತ ಕಾಯುವ ಹಾಗಿಲ್ಲ. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಟೊಮೆಟೊ, ಮೆಣಸಿನಕಾಯಿ ಕೈಬಿಟ್ಟಂತೆಯೇ. ರಾತ್ರಿ ಕರೆಂಟ್ ಬಂದಾಗ ಮೋಟಾರ್ ಕೂಗಿ ನಿಂತರೆ, ಆ ಹೊತ್ತಿಗೆ ಯಾರ ನಂಬರ್ ನೆನಪಿಗೆ ಬರುತ್ತದೋ ಅವರಿಗೆ ಕೆಲಸ. ಅವರ ಗಿರಾಕಿಗಳು ಅಮರಾಪುರ, ರೊಳ್ಳ, ಗುಡಿಬಂಡೆ ಕಡೆಯ ಕನ್ನಡದವರು, ಮಡಕಶಿರಾ ಊರಿನ ತೆಲುಗಿನವರು, ಗಡಿಯಾಚೆ ಪಾವಗಡ, ಮಧುಗಿರಿ ಕಡೆಯವರು. ಒಬ್ಬರು ಹೇಳಿದ ನಂಬರನ್ನು ಇನ್ನೊಬ್ಬರು ಇನ್ನೊಂದು ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ. ನಮ್ಮ ಊರುಗಳಲ್ಲಿ ನಂಬರ್ ಆರಿಸುವಾಗ ಮುಖ್ಯವಾದ ವಿಷಯ ಇದೇ. ಮಾರುವವರು ಇದನ್ನು ಹೇಳುವುದಿಲ್ಲ.

ಯಾವುದನ್ನು ನಾವು ಆರಿಸಬಹುದು

ಅಮೆರಿಕದಲ್ಲಿ ಇಂಥ ನಂಬರ್ ಎಂದರೆ ಅಕ್ಷರದ ನಂಬರ್. ಫೋನಿನ ಗುಂಡಿಗಳ ಮೇಲೆ 2ರಲ್ಲಿ ಎ, ಬಿ, ಸಿ, 3ರಲ್ಲಿ ಡಿ, ಇ, ಎಫ್ ಎಂದು ಅಕ್ಷರಗಳಿರುತ್ತವಲ್ಲ, ಅದರಿಂದ ಹೂವಿನ ಅಂಗಡಿಯವರು 'ಫ್ಲವರ್ಸ್' ಎಂಬ ಪದವನ್ನೇ ನಂಬರ್ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಗುಂಡಿಯ ಮೇಲೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಇಂಗ್ಲಿಷ್ ಅಕ್ಷರ ಹುಡುಕಿ ಒತ್ತುವ ತಾಳ್ಮೆ ಯಾರಿಗೂ ಇಲ್ಲ. ಆದ್ದರಿಂದ ನಮಗೆ ಉಳಿಯುವುದು ಅಂಕಿಗಳ ಹೊಂದಾಣಿಕೆ ಮಾತ್ರ.

ಅಂಕಿಗಳಲ್ಲೂ ಹತ್ತನ್ನೂ ನಾವು ಆರಿಸಲಾಗುವುದಿಲ್ಲ. ಭಾರತದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಆರಂಭವಾಗುತ್ತದೆ. ಮೊದಲ ಅಂಕಿಗಳು ಸರ್ಕಾರವು ಆ ಕಂಪನಿಗೆ, ಆ ಟೆಲಿಕಾಂ ಸರ್ಕಲ್‌ಗೆ ಕೊಟ್ಟ ಸರಣಿ. ಮಡಕಶಿರಾ ಆಂಧ್ರ ಸರ್ಕಲ್‌ಗೆ ಸೇರುತ್ತದೆ (ತೆಲಂಗಾಣವೂ ಅದರಲ್ಲೇ ಇದೆ). ಸೊಲ್ಲಾಪುರ, ಜತ್ತ ಮಹಾರಾಷ್ಟ್ರ ಸರ್ಕಲ್, ಗೋವಾ ಕೂಡ ಅದೇ. ಹೊಸೂರು, ತಾಳವಾಡಿ ತಮಿಳುನಾಡು, ಕಾಸರಗೋಡು ಕೇರಳ. ಕಂಪನಿಯ ಪಟ್ಟಿಯಲ್ಲಿ ನಮ್ಮ ಸರ್ಕಲ್‌ನ ಸರಣಿಗಳೇ ಕಾಣುತ್ತವೆ. ಕೊನೆಯ ನಾಲ್ಕರಿಂದ ಆರು ಅಂಕಿಗಳನ್ನು ಕೇಳಿ, ಸಿಕ್ಕಿದ್ದನ್ನು ಆರಿಸುವುದಷ್ಟೇ ನಮ್ಮ ಕೈಯಲ್ಲಿರುವುದು. ಕೊನೆಯ ಆರು ಎಷ್ಟೇ ಚೆನ್ನಾಗಿದ್ದರೂ ಮುಂದಿನ ನಾಲ್ಕನ್ನೂ ಗಿರಾಕಿ ನೆನಪಿಡಲೇಬೇಕು. ಜನ ಮರೆಯುವುದು ಈ ನಾಲ್ಕನ್ನೇ. ಹಾಗಾಗಿ ಮುಂದಿನ ನಾಲ್ಕರಲ್ಲಿ ಒಂದು ಜೋಡಿಯಾದರೂ ಇರುವ ಸರಣಿ ಸಿಕ್ಕರೆ, ಕೊನೆಯಲ್ಲಿ ಸ್ವಲ್ಪ ಕಡಿಮೆ ಚಂದದ್ದು ಬಂದರೂ ಒಪ್ಪಿಕೊಳ್ಳಿ.

1800ರಿಂದ ಆರಂಭವಾಗುವ ಟೋಲ್ ಫ್ರೀ ನಂಬರ್ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಕರೆಯ ಹಣ ಅಂಗಡಿಯವರದು, ತಿಂಗಳ ಬಾಡಿಗೆ ಬೇರೆ. ಈಗ ಎಲ್ಲರ ರೀಚಾರ್ಜಿನಲ್ಲೂ ಕರೆ ಉಚಿತವಾಗಿರುವಾಗ ಒಂದೇ ಬಾಗಿಲಿನ ಅಂಗಡಿಗೆ ಅದರಿಂದ ಪ್ರಯೋಜನವಿಲ್ಲ.

ಬಾಯಲ್ಲಿ ಹೇಳಿ ನೋಡಬೇಕು

ನಮ್ಮ ಸದಸ್ಯರಿಗೆ ಮೊದಲು ಮನಸ್ಸು ಹೋದದ್ದು ಕೊನೆಯಲ್ಲಿ ಐದು ಏಳು ಇರುವ, ಅಂದರೆ 77777 ಇರುವ ನಂಬರಿಗೆ. ಒಬ್ಬ ಮಾರಾಟಗಾರ ಹದಿನೈದು ಸಾವಿರ ಹೇಳಿದ್ದ. ಕಾಗದದ ಮೇಲೆ ನೋಡಿದರೆ ಅದಕ್ಕಿಂತ ಚೆಂದದ ನಂಬರ್ ಇಲ್ಲ. ಕಂಪನಿಯ ಪಟ್ಟಿಯಲ್ಲಿ ಸಿಕ್ಕಿದ ಎರಡನೆಯದರ ಕೊನೆ 25 50 75. ಅದನ್ನು ಆರಿಸಿಕೊಳ್ಳುವ ಶುಲ್ಕ ಸುಮಾರು ಐನೂರು ರೂಪಾಯಿ.

ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡೋಣ ಎಂದು ನಾವು ಹೇಳಿದೆವು. ಅಂಗಡಿಗೆ ಬಂದ ಎಂಟು ಮಂದಿಯನ್ನು ಆರಿಸಿಕೊಂಡೆವು. ಅವರಲ್ಲಿ ನಾಲ್ವರು ಕನ್ನಡದವರು, ನಾಲ್ವರು ತೆಲುಗಿನವರು. ಇಬ್ಬರಿಗೆ ಓದು ಅಷ್ಟಕ್ಕಷ್ಟೆ. ಪ್ರತಿಯೊಬ್ಬರಿಗೂ ಬೀದಿಯ ಆಚೆ ನಿಲ್ಲಿಸಿ ಫೋನಿನಲ್ಲೇ ನಂಬರನ್ನು ಒಂದು ಸಲ ಮಾತ್ರ ಹೇಳಿ, ಬರೆದುಕೊಳ್ಳಲು ಹೇಳಿದೆವು. ಟೀ ಕುಡಿಸಿ, ಅರ್ಧ ಗಂಟೆ ಬಿಟ್ಟು ಬಾಯಿಪಾಠ ಹೇಳಲು ಕೇಳಿದೆವು. ಖರ್ಚು ಎಂಟು ಟೀ.

77777 ಇಲ್ಲಿ ಸೋತಿತು. "ಡಬಲ್ ಸೆವೆನ್ ಟ್ರಿಪಲ್ ಸೆವೆನ್" ಎಂದು ಹೇಳಿದಾಗ ಇಬ್ಬರು ನಾಲ್ಕು ಏಳು ಬರೆದರು, ಒಬ್ಬರು ಆರು ಬರೆದರು. ಒಂದೇ ಅಂಕಿ ನಾಲ್ಕಕ್ಕಿಂತ ಹೆಚ್ಚು ಸಲ ಬಂದರೆ ಕಿವಿ ಎಣಿಕೆ ತಪ್ಪುತ್ತದೆ. ಕಣ್ಣಿಗೂ ಅದೇ ಕಷ್ಟ, ಬೈಕಿನಲ್ಲಿ ಹೋಗುವವನು ಗೋಡೆಯ ಮೇಲಿನ ಏಳುಗಳನ್ನು ಎಣಿಸುತ್ತಾ ನಿಲ್ಲುವುದಿಲ್ಲ. ಇನ್ನೊಂದು ತೊಡಕನ್ನು ನಾವೂ ಊಹಿಸಿರಲಿಲ್ಲ. ತೆಲುಗಿನಲ್ಲಿ ಏಳಕ್ಕೆ 'ಏಡು' ಎನ್ನುತ್ತಾರೆ. ಫೋನಿನಲ್ಲಿ ಗಾಳಿಯ ಸದ್ದಿನ ನಡುವೆ ಅದು ಕನ್ನಡದವರ ಕಿವಿಗೆ 'ಐದು' ಎಂದು ಕೇಳಿಸುತ್ತದೆ. ಪಾವಗಡದ ಕಡೆಯ ಒಬ್ಬ ಹಿರಿಯರು ನೇರವಾಗಿ ಐದು ಐದಾಗಿ ಬರೆದುಕೊಂಡು, "ಒಳ್ಳೆ ನಂಬರ್ ಕಣಪ್ಪ, ಎಲ್ಲಾ ಐದು" ಎಂದರು!

25 50 75 ಅನ್ನು ಎಂಟರಲ್ಲಿ ಏಳು ಮಂದಿ ಸರಿಯಾಗಿ ಬರೆದರು, ಆರು ಮಂದಿ ಅರ್ಧ ಗಂಟೆಯ ಮೇಲೂ ಹೇಳಿದರು. ಮೆಟ್ಟಿಲಿನಂತೆ ಇಪ್ಪತ್ತೈದು ಇಪ್ಪತ್ತೈದಾಗಿ ಏರುವುದರಿಂದ ಮೊದಲನೆಯದು ನೆನಪಾದರೆ ಉಳಿದದ್ದು ತಾನಾಗಿ ಬರುತ್ತದೆ. ವಯಸ್ಸಾದವರು ಇನ್ನೊಂದು ದಾರಿ ಹಿಡಿದರು. "ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ" ಎಂದು ಕನ್ನಡದವರು, "ಪಾವಲಾ, ಅರ್ಧ, ಮುಪ್ಪಾವಲಾ" ಎಂದು ತೆಲುಗಿನವರು. ನಾಲ್ಕಾಣೆ ನಾಣ್ಯ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯಿತು, ಆದರೂ ನಾಲಿಗೆಯ ಮೇಲೆ ಇನ್ನೂ ಇದೆ. ಸದಸ್ಯರಿಗೆ ಇದು ಎಷ್ಟು ಹಿಡಿಸಿತೆಂದರೆ ಗೋಡೆಯ ಮೇಲೂ "ನಾಲ್ಕಾಣೆ ಎಂಟಾಣೆ ಹನ್ನೆರಡಾಣೆ" ಎಂದು ಬರೆಸುತ್ತೇನೆ ಎಂದರು. ನಾವು ಬೇಡವೆಂದೆವು. ಎಂಟನೆಯವನಾಗಿ ತಪ್ಪು ಬರೆದ ಹುಡುಗ ಪಕ್ಕದಲ್ಲಿದ್ದ ಹಿರಿಯರು ಹೇಳಿದ್ದನ್ನು ಕೇಳಿ 4, 8, 12 ಎಂದು ಬರೆದಿದ್ದ. ಆಣೆ ಎಂದರೇನೆಂದು ಅವನಿಗೆ ಗೊತ್ತೇ ಇಲ್ಲ. ಹಿರಿಯರು ತಮ್ಮಷ್ಟಕ್ಕೆ ಹೇಗೆ ಬೇಕಾದರೂ ನೆನಪಿಟ್ಟುಕೊಳ್ಳಲಿ, ಬರೆಯುವಾಗ ಅಂಕಿ ಮಾತ್ರ ಇರಲಿ.

ಇದೇ ಪರೀಕ್ಷೆಯಲ್ಲಿ ಅವರ ಹಳೆಯ ನಂಬರನ್ನೂ ಸೇರಿಸಿದ್ದೆವು. ಅದು ತೀರಾ ಸಾಮಾನ್ಯ ನಂಬರ್, ಜೋಡಿಯೂ ಇಲ್ಲ, ಮೆಟ್ಟಿಲೂ ಇಲ್ಲ. ಎಂಟರಲ್ಲಿ ಇಬ್ಬರಿಗೆ ಅದು ಆಗಲೇ ಬಾಯಿಪಾಠ! ಹದಿನಾಲ್ಕು ವರ್ಷ ಒಂದೇ ನಂಬರ್ ಇಟ್ಟುಕೊಂಡದ್ದರ ಫಲ ಅದು. ಇದಕ್ಕೆ ಮುಂದೆ ಬರುತ್ತೇವೆ.

ಬೇರೆ ಊರುಗಳಲ್ಲಿ ತೊಡಕು ಬೇರೆ ಬಗೆಯದು. ಕನ್ನಡದಲ್ಲೇ ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಫೋನಿನಲ್ಲಿ ಒಂದೇ ತರಹ. ಹೊಸೂರು, ತಾಳವಾಡಿಯಲ್ಲಿ ತಮಿಳಿನ 'ಒನ್ಬದು' (9) ಮತ್ತು 'ಎಣ್ಬದು' (80) ಹಾಗೆಯೇ. ಆದ್ದರಿಂದ 9, 80, 90 ಹೆಚ್ಚಿರುವ ನಂಬರನ್ನು ಜೋಡಿಯಾಗಿ ಹೇಳಬೇಡಿ, ಒಂದೊಂದೇ ಅಂಕಿಯಾಗಿ ಹೇಳಿ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದಲ್ಲಿ ಮರಾಠಿಯ ಲೆಕ್ಕವಿದೆ. ನಾವು ಐವತ್ತೆರಡು ಎಂದು ಐವತ್ತನ್ನು ಮೊದಲು ಹೇಳಿದರೆ ಅವರು 'ಬಾವನ್ನ' ಎಂದು ಎರಡನ್ನು ಮೊದಲು ಹೇಳುತ್ತಾರೆ. ಅವಸರದಲ್ಲಿ ಬರೆಯುವ ಕನ್ನಡದವನ ಕೈ 2ರಿಂದ ಆರಂಭಿಸುತ್ತದೆ. 59, 69, 79, 89 ಇದ್ದರಂತೂ 'ಏಕೋಣ' ಎಂಬ ಒಂದೇ ಆರಂಭ ನಾಲ್ಕಕ್ಕೂ. ಅಲ್ಲಿ 20, 30, 50ರಂಥ ದುಂಡು ಜೋಡಿಗಳು ಅಥವಾ 11, 44ರಂಥ ಅವಳಿಗಳು ಒಳ್ಳೆಯವು. ಅವಳಿಯನ್ನು 'ಡಬಲ್ ಫೋರ್' ಎಂದು ಹೇಳಿದರೆ ಭಾಷೆಯ ಜಗಳವೇ ಇಲ್ಲ. ಇಂಗ್ಲಿಷಿನಲ್ಲಿ ಹೇಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೂ ಇಲ್ಲ, ಫೈವ್ ಮತ್ತು ನೈನ್ ಫೋನಿನಲ್ಲಿ ಕಲಸಿಹೋಗುತ್ತವೆ.

ಸಂಖ್ಯಾಶಾಸ್ತ್ರದ ಬಗ್ಗೆ ಒಂದು ಮಾತು. ಹತ್ತು ಅಂಕಿ ಕೂಡಿದರೆ ಒಂಬತ್ತು ಬರಬೇಕು, ಎಂಟು ಬರಬಾರದು ಎನ್ನುವವರಿದ್ದಾರೆ. 786 ಬೇಕೆನ್ನುವವರೂ ಇದ್ದಾರೆ. ನಂಬಿಕೆ ಅವರವರದು. ಆದರೆ ಅಂಥ ನಂಬರಿಗೆ ಬೆಲೆ ಏರುವುದು ಆ ನಂಬಿಕೆಗಾಗಿ, ಗಿರಾಕಿಯ ನೆನಪಿಗಾಗಿ ಅಲ್ಲ. ಅಂಗಡಿಯ ಖರ್ಚಿನಲ್ಲಿ ಅದನ್ನು ಬರೆಯಬೇಡಿ, ಮನೆಯ ಖರ್ಚಿನಲ್ಲಿ ಬರೆಯಿರಿ.

ಎಲ್ಲಿ ಸಿಗುತ್ತದೆ, ಯಾರನ್ನು ನಂಬಬಾರದು

ನಂಬರ್ ಸಿಗುವುದಕ್ಕೆ ಮೂರು ದಾರಿಗಳಿವೆ. ಒಂದು, ಕಂಪನಿಯ ವೆಬ್‌ಸೈಟು ಅಥವಾ ಅಧಿಕೃತ ಮಳಿಗೆಯಲ್ಲಿ ಆರಿಸಿಕೊಳ್ಳುವುದು. ಕೆಲವು ನಂಬರುಗಳು ಉಚಿತ, ಕೆಲವಕ್ಕೆ ಐನೂರರ ಆಸುಪಾಸು ಶುಲ್ಕ, ಇನ್ನು ಕೆಲವಕ್ಕೆ ಸಾವಿರಗಳಲ್ಲಿ. ಇಂಥ ನಂಬರಿನ ಜೊತೆಗೆ ದುಬಾರಿ ಪ್ಲಾನನ್ನೋ ಪೋಸ್ಟ್‌ಪೇಯ್ಡನ್ನೋ ಅಂಟಿಸುವುದುಂಟು. "ಈ ಪ್ಲಾನ್ ಎಷ್ಟು ತಿಂಗಳು ಇಟ್ಟುಕೊಳ್ಳಬೇಕು?" ಎಂದು ಕೇಳಿ ಬರೆಸಿಕೊಳ್ಳಿ. ಎರಡು, ಬಿ.ಎಸ್.ಎನ್.ಎಲ್. ಸರ್ಕಲ್‌ವಾರು ನಡೆಸುವ ಇ-ಹರಾಜು, eauction.bsnl.co.in ನಲ್ಲಿ. ಸಿಮ್ ತೆಗೆದುಕೊಳ್ಳುವ ಮುಂಚೆ ನಿಮ್ಮ ಅಂಗಡಿಯೊಳಗೆ, ಶಟರ್ ಅರ್ಧ ಎಳೆದು, ಆ ಕಂಪನಿಯ ಸಿಗ್ನಲ್ ಸಿಗುತ್ತದೆಯೇ ನೋಡಿ. ನಂಬರ್ ಎಷ್ಟೇ ಚೆನ್ನಾಗಿದ್ದರೂ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದು ಬಂದರೆ ರೈತ ಮುಂದಿನ ಅಂಗಡಿಗೆ ಹೋಗುತ್ತಾನೆ.

ಮೂರನೆಯ ದಾರಿ ಮಧ್ಯವರ್ತಿಗಳದು. 77777ಕ್ಕೆ ಹದಿನೈದು ಸಾವಿರ ಹೇಳಿದವನು ಇಂಥವನೇ. ಅವರ ಕ್ರಮ ಹೀಗೆ. ನಂಬರ್ ಅವರದೋ ಇನ್ನಾರದೋ ಹೆಸರಿನಲ್ಲಿ ಇರುತ್ತದೆ. ಕಂಪನಿ ಬದಲಿಸುವಾಗ `PORT` ಎಂದು ಬರೆದು, ಜಾಗ ಬಿಟ್ಟು, ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದಲ್ಲ, ಆ ಕೋಡನ್ನೇ ನಿಮಗೆ ಮಾರುತ್ತಾರೆ. ನೀವು ನಿಮ್ಮ ಆಧಾರ್ ಕೊಟ್ಟು ಇನ್ನೊಂದು ಕಂಪನಿಗೆ ಪೋರ್ಟ್ ಮಾಡಿಸಿಕೊಳ್ಳಿ ಎನ್ನುತ್ತಾರೆ. ನಮ್ಮ ಕಡೆ ಆ ಕೋಡಿನ ಆಯುಸ್ಸು ನಾಲ್ಕೇ ದಿನ. ಹೊಸ ನಂಬರಾಗಿದ್ದರೆ ಮೊದಲ 90 ದಿನ ಪೋರ್ಟ್ ಮಾಡುವ ಹಾಗೇ ಇಲ್ಲ. ಸಿಮ್ ಬದಲಾಯಿಸಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ, ಇದು 2024ರ ಜುಲೈನಿಂದ ಬಂದ ನಿಯಮ. ಹಣ ಹೋದ ಮೇಲೆ "ಇವತ್ತು ಕೋಡ್ ಬರಲಿಲ್ಲ, ನಾಳೆ ಬರುತ್ತದೆ" ಎಂದು ಹೇಳಲು ಮಾರುವವನಿಗೆ ಎಷ್ಟೊಂದು ಕಾರಣಗಳಿವೆ ನೋಡಿ.

ಇದಕ್ಕಿಂತ ದೊಡ್ಡ ತೊಂದರೆ ಮಾಲೀಕತನದ್ದು. ಪೋರ್ಟಿಂಗ್ ಇರುವುದು ತನ್ನ ನಂಬರನ್ನು ತಾನೇ ಉಳಿಸಿಕೊಂಡು ಕಂಪನಿ ಬದಲಿಸುವುದಕ್ಕೆ, ನಂಬರ್ ಮಾರುವುದಕ್ಕಲ್ಲ. ಹಿಂದಿನವನು ನಾಳೆ "ನನ್ನ ನಂಬರ್ ಕದ್ದಿದ್ದಾರೆ" ಎಂದು ದೂರು ಕೊಟ್ಟರೆ ನಿಮ್ಮ ಕೈಯಲ್ಲಿ ಹಣ ಕೊಟ್ಟ ರಸೀದಿಯೂ ಇರುವುದಿಲ್ಲ. ಅಷ್ಟು ಹೊತ್ತಿಗೆ ಗೋಡೆಗಳೆಲ್ಲ ಬರೆಸಿಯಾಗಿರುತ್ತದೆ. ಯಾರಿಂದಲಾದರೂ ಕೊಳ್ಳಲೇಬೇಕೆಂದಿದ್ದರೆ ಇಬ್ಬರೂ ಕಂಪನಿಯ ಮಳಿಗೆಗೆ ಹೋಗಿ, ಅವರ ಒಪ್ಪಿಗೆ ಪತ್ರದೊಡನೆ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟು, ಅದು ಆಗುತ್ತದೆಂದು ಕಂಪನಿ ಹೇಳಿದ ಮೇಲೆಯೇ ಹಣ ಕೊಡಿ. ನಮ್ಮ ಸದಸ್ಯರು ಆ ಮಾರಾಟಗಾರನಿಗೆ ಇದನ್ನೇ ಹೇಳಿದರು. ಆಮೇಲೆ ಅವನ ಫೋನ್ ಬರಲಿಲ್ಲ.

ಕಂಪನಿಯಿಂದಲೇ ತೆಗೆದುಕೊಂಡರೂ ನಂಬರ್ ಹೊಸದಲ್ಲದೆ ಇರಬಹುದು. ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಇನ್ನೊಬ್ಬರಿಗೆ ಕೊಡುತ್ತಾರೆ. ಹಿಂದಿನವನು ಸಾಲಗಾರನಾಗಿದ್ದರೆ ವಸೂಲಿಯವರು ನಿಮಗೆ ಫೋನ್ ಮಾಡುತ್ತಾರೆ. ಆರಿಸುವ ಮುಂಚೆ ಮೂರು ಕೆಲಸ ಮಾಡಿ. ಆ ನಂಬರಿಗೆ ಒಮ್ಮೆ ಫೋನ್ ಮಾಡಿ. ಫೋನಿನಲ್ಲಿ ಸೇವ್ ಮಾಡಿ ವಾಟ್ಸಾಪಿನಲ್ಲಿ ಯಾರದಾದರೂ ಚಿತ್ರ ಬರುತ್ತದೆಯೇ ನೋಡಿ. ಯು.ಪಿ.ಐ. ಆಪ್‌ನಲ್ಲಿ ಹಣ ಕಳಿಸುವ ಜಾಗದಲ್ಲಿ ನಂಬರ್ ಹಾಕಿ ಯಾರ ಹೆಸರು ತೋರಿಸುತ್ತದೆ ನೋಡಿ, ಹಣ ಕಳಿಸಬೇಡಿ. ಹೆಸರು ಬಂದರೆ ಬೇರೆ ನಂಬರ್ ಆರಿಸುವುದು ಕ್ಷೇಮ. 25 50 75ರಲ್ಲಿ ಏನೂ ಬರಲಿಲ್ಲ.

ನಿಜವಾದ ಖರ್ಚು

ಐನೂರು ರೂಪಾಯಿಯ ನಂಬರಿಗೆ ನಮ್ಮ ಸದಸ್ಯರಿಗೆ ತಗುಲಿದ ಒಟ್ಟು ಖರ್ಚು ಹೀಗಿದೆ. ನಂಬರ್ ಶುಲ್ಕ 500, ಮೊದಲ ರೀಚಾರ್ಜ್ 200. ಆರು ಗೋಡೆಗಳ ಮೇಲೆ ಹೊಸದಾಗಿ ಬರೆಸಲು ಗೋಡೆಗೆ 700ರಂತೆ 4,200. ಹತ್ತು ಬಿಲ್ ಬುಕ್ 1,200. ಐನೂರು ಕಾರ್ಡಿಗೆ 600. ಸ್ಟಾರ್ಟರ್ ಡಬ್ಬಿಯ ಮೇಲೆ ಅಂಟಿಸುವ ಸ್ಟಿಕ್ಕರ್ ಐನೂರಕ್ಕೆ 1,000. ಎಲ್ಲ ಸೇರಿ 7,700 ರೂಪಾಯಿ. ನಂಬರ್ ಶುಲ್ಕ ಇದರಲ್ಲಿ ಹದಿನೈದರಲ್ಲಿ ಒಂದು ಪಾಲು! ಹದಿನೈದು ಸಾವಿರದ ನಂಬರ್ ತೆಗೆದುಕೊಂಡಿದ್ದರೂ ಉಳಿದ ಖರ್ಚು ಒಂದು ರೂಪಾಯಿಯೂ ಕಡಿಮೆಯಾಗುತ್ತಿರಲಿಲ್ಲ.

ಇಲ್ಲಿಗೆ ಮುಗಿಯುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರು ದುರಸ್ತಿ ಮಾಡಿದ ಪ್ರತಿ ಮೋಟಾರಿನ ಸ್ಟಾರ್ಟರ್ ಡಬ್ಬಿಯ ಮೇಲೆ ಹಳೆಯ ನಂಬರಿನ ಸ್ಟಿಕ್ಕರ್ ಇದೆ. ಸುತ್ತಿನ ಹೊಲಗಳಲ್ಲಿ ಅಂಥವು ನೂರಾರು. ಮೋಟಾರ್ ಕೆಟ್ಟಾಗ ರೈತ ಮೊದಲು ನಿಲ್ಲುವುದೇ ಆ ಡಬ್ಬಿಯ ಮುಂದೆ. ಆ ನಂಬರ್ ಸತ್ತರೆ ಹಳೆಯ ಗಿರಾಕಿಗಳನ್ನು ನಾವೇ ಬೀದಿಗೆ ಅಟ್ಟಿದಂತೆ. ಇನ್ನೂ ಕೆಟ್ಟದ್ದೇನೆಂದರೆ, ತೊಂಬತ್ತು ದಿನ ಕಳೆದ ಮೇಲೆ ಆ ನಂಬರ್ ಇನ್ನಾರ ಕೈಗೋ ಹೋಗಬಹುದು. ಆದ್ದರಿಂದ ಹಳೆಯ ಸಿಮ್ಮನ್ನು ಎರಡನೇ ಕಿಂಡಿಯಲ್ಲಿ ಜೀವಂತವಾಗಿ ಇಡಲೇಬೇಕು. 28 ದಿನದ ರೀಚಾರ್ಜ್ ಹಾಕಿದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಬೇಕು. ಇನ್ನೂರರಂತೆ 2,600. ಡೇಟಾ ಇಲ್ಲದ, ಮಾತು ಮತ್ತು ಸಂದೇಶ ಮಾತ್ರ ಇರುವ ಪ್ಲಾನ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶ ಮಾಡಿದ ಮೇಲೆ ವರ್ಷದ ಪ್ಲಾನ್ ಎರಡು ಸಾವಿರದೊಳಗೆ ಸಿಗುತ್ತಿದೆ. ಮಳಿಗೆಯವರು ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಬೇಕು. ಸದಸ್ಯರು ಅದನ್ನು 1,850ಕ್ಕೆ ಹಾಕಿಸಿದರು. ಒಟ್ಟು 9,550.

ಬ್ಯಾಂಕ್, ಆಧಾರ್, ಜಿ.ಎಸ್.ಟಿ., ಯು.ಪಿ.ಐ. ಎಲ್ಲ ಹಳೆಯ ನಂಬರಿನಲ್ಲೇ ಇರಲಿ ಎಂದು ನಾವು ಹೇಳಿದೆವು. ಖರ್ಚಿಗಿಂತ ಭದ್ರತೆಗಾಗಿ ಹೇಳಿದ ಮಾತು ಇದು. ಗೋಡೆ ಗೋಡೆಯ ಮೇಲೆ ಇರುವ ನಂಬರ್ ಮೋಸಗಾರರಿಗೂ ಕಾಣುತ್ತದೆ. ಅದೇ ನಂಬರಿಗೆ ಬ್ಯಾಂಕಿನ ಒ.ಟಿ.ಪಿ. ಬರುವಂತಿದ್ದರೆ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆಯಲು ಯತ್ನಿಸುವವನಿಗೆ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ಹಳೆಯ ನಂಬರ್ ಇನ್ನು ಮುಂದೆ ಹೊಸ ಗೋಡೆಗಳ ಮೇಲೆ ಬರುವುದಿಲ್ಲ, ಕಾಲಕ್ರಮದಲ್ಲಿ ಅದು ಮನೆಯ ನಂಬರಾಗಿ ಉಳಿಯುತ್ತದೆ. ನೆನಪಿಡಿ, ಅದು ನಿಂತುಹೋದರೆ ಯು.ಪಿ.ಐ. ಕೂಡ ನಿಲ್ಲುತ್ತದೆ. 2025ರ ಏಪ್ರಿಲ್‌ನಿಂದ ರದ್ದಾದ ನಂಬರುಗಳನ್ನು ಬ್ಯಾಂಕಿನವರು ವಾರವಾರ ತೆಗೆದುಹಾಕುತ್ತಾರೆ. ವಾಟ್ಸಾಪ್ ಬಿಸಿನೆಸ್ ಮಾತ್ರ ಹೊಸ ನಂಬರಿಗೆ ಬದಲಾಯಿತು. ಅದರ ಸೆಟ್ಟಿಂಗ್ಸ್‌ನಲ್ಲೇ ನಂಬರ್ ಬದಲಿಸುವ ಜಾಗವಿದೆ, ಹಳೆಯ ಗುಂಪುಗಳು ಹಾಗೆಯೇ ಉಳಿಯುತ್ತವೆ.

ಗೋಡೆ ಬರೆಸುವಾಗ

ಅಂಗಡಿಯ ಹೆಸರನ್ನು ಕನ್ನಡದಲ್ಲಿ ಬರೆಸಿ ಎಂದು ಸದಾ ಹೇಳುವವರು ನಾವು. ಆದರೆ ನಂಬರನ್ನು ಇಂಗ್ಲಿಷ್ ಅಂಕಿಯಲ್ಲೇ ಬರೆಸಿ. ಫೋನಿನ ಗುಂಡಿಯ ಮೇಲೆ ಇರುವುದು ಅದೇ, ತಮಿಳಿನವರಿಗೂ ತೆಲುಗಿನವರಿಗೂ ಮರಾಠಿಯವರಿಗೂ ಓದಲು ಬರುವುದು ಅದೇ. ಹತ್ತು ಅಂಕಿಗಳನ್ನು ಸಾಲಾಗಿ ಒತ್ತಿ ಬರೆಯಬಾರದು. ನೀವು ಬಾಯಲ್ಲಿ ಹೇಗೆ ಬಿಡಿಸಿ ಹೇಳುತ್ತೀರೋ ಹಾಗೆಯೇ ಜಾಗ ಬಿಡಿಸಿ ಬರೆಸಬೇಕು. ಮೊದಲ ನಾಲ್ಕು, ಆಮೇಲೆ 25, 50, 75. ಪೇಂಟರ್ ರೂಢಿಯ ಪ್ರಕಾರ ಐದು ಐದಾಗಿ ಒಡೆದರೆ ಕೊನೆಯ ಭಾಗ 55075 ಆಗುತ್ತದೆ, ಇಪ್ಪತ್ತೈದೂ ಇಲ್ಲ, ಐವತ್ತೂ ಇಲ್ಲ, ಕೊಟ್ಟ ಐನೂರು ನೀರುಪಾಲು. ಎರಡನೆಯ ಗೋಡೆಯಲ್ಲಿ ಹೀಗೇ ಆಗಿ ಅಳಿಸಿ ಬರೆಸಬೇಕಾಯಿತು.

ಪೇಂಟರ್ ಡಬ್ಬ ಎತ್ತುವ ಮುಂಚೆ ಗೋಡೆಯ ಮುಂದೆ ನಿಂತು, ಗೋಡೆಯನ್ನೇ ನೋಡುತ್ತಾ ಇನ್ನೊಬ್ಬರ ಫೋನಿನಿಂದ ಆ ನಂಬರ್ ಒತ್ತಿ. ನಿಮ್ಮ ಜೇಬಿನಲ್ಲಿ ಫೋನ್ ಬಾರಿಸಿದರೆ ಸರಿ. ಕಚೇರಿಯಲ್ಲಿ ನಕಲನ್ನು ಅಸಲಿನೊಡನೆ ಓದಿ ನೋಡದೆ ರುಜು ಹಾಕಬಾರದೆಂಬ ಪಾಠ ನಮಗೆ ಇದ್ದದ್ದೇ. 1 ಮತ್ತು 7, 3 ಮತ್ತು 8 ಮಳೆಗೆ ಮಾಸಿದಾಗ ಒಂದೇ ಆಗುತ್ತವೆ, ಆದ್ದರಿಂದ ವರ್ಷಕ್ಕೊಮ್ಮೆ ಮಳೆಗಾಲದ ನಂತರ ಹೀಗೆಯೇ ಒತ್ತಿ ನೋಡಬೇಕು. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವವರು 2021ರ ಜನವರಿ 15ರಿಂದ ಮೊದಲಿಗೆ 0 ಒತ್ತಬೇಕು. ನಿಮ್ಮ ಗಿರಾಕಿಗಳಲ್ಲಿ ಅಕ್ಕಿ ಗಿರಣಿ, ಕಚೇರಿಗಳು ಇದ್ದರೆ ಅವರಿಗೆ ಹೇಳಿಡಿ.

ಲಾಭ ಬಂತೇ?

ಮೂರು ತಿಂಗಳು ಪ್ರತಿ ಹೊಸ ಗಿರಾಕಿಯನ್ನು "ನಮ್ಮ ನಂಬರ್ ಎಲ್ಲಿ ಸಿಕ್ಕಿತು?" ಎಂದು ಕೇಳಿ ಬಿಲ್ ಬುಕ್ಕಿನ ಹಿಂದೆ ಗೀಟು ಹಾಕಲು ಸದಸ್ಯರಿಗೆ ಹೇಳಿದ್ದೆವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸಬರು 41 ಮಂದಿ. ಅವರಲ್ಲಿ ಗೋಡೆ ನೋಡಿ ನೆನಪಿಟ್ಟುಕೊಂಡು ಅಥವಾ ಯಾರೋ ಬಾಯಲ್ಲಿ ಹೇಳಿದ್ದನ್ನು ಕೇಳಿ ಫೋನ್ ಮಾಡಿದವರು 9. ಉಳಿದವರು ಪಕ್ಕದ ಹೊಲದವರ ಫೋನಿನಿಂದ ನಂಬರ್ ಕಳಿಸಿಕೊಂಡವರು ಅಥವಾ ಸ್ಟಿಕ್ಕರ್ ನೋಡಿದವರು. ಅಂಥವರಿಗೆ ನಂಬರ್ ಹೇಗಿದ್ದರೂ ಒಂದೇ. ಒಂದು ಮೋಟಾರಿಗೆ ತಾಮ್ರ, ಕೂಲಿ ಕಳೆದು ಕೈಗೆ ಉಳಿಯುವುದು ಸುಮಾರು 900 ಎಂದು ಅವರ ಲೆಕ್ಕ. ಒಂಬತ್ತಕ್ಕೆ 8,100. ಈ ಒಂಬತ್ತರಲ್ಲೂ ಕೆಲವರು ಗೋಡೆಯ ಮುಂದೆಯೇ ನಿಂತು ಫೋನ್ ಮಾಡಿದವರಿರಬಹುದು, ಹಳೆಯ ನಂಬರ್ ಇದ್ದರೂ ಅವರು ಮಾಡುತ್ತಿದ್ದರು. ಹಾಗಾಗಿ ಖರ್ಚು ಹುಟ್ಟಲು ಒಂದು ವರ್ಷ ಎಂದು ಇಟ್ಟುಕೊಳ್ಳುವುದು ಸರಿ. ಹದಿನೈದು ಸಾವಿರದ್ದನ್ನು ತೆಗೆದುಕೊಂಡಿದ್ದರೆ ಈ ಲೆಕ್ಕ ಮೂರು ವರ್ಷಕ್ಕೂ ಕೂಡುತ್ತಿತ್ತೋ ಇಲ್ಲವೋ.

ಕಿರಿಕಿರಿಯೂ ಬಂತು. ಸುಲಭದ ನಂಬರಿಗೆ ತಪ್ಪು ಕರೆಗಳು ಹೆಚ್ಚು. ಮಕ್ಕಳು ಆಟಕ್ಕೆ ಒತ್ತುತ್ತಾರೆ, ಸಾಲ ಬೇಕೇ ಎಂದು ಕೇಳುವವರೂ ಬರುತ್ತಾರೆ. 1909ಕ್ಕೆ `START 0` ಎಂದು ಸಂದೇಶ ಕಳಿಸಿದ ಮೇಲೆ ಜಾಹೀರಾತಿನ ಕರೆಗಳು ಸ್ವಲ್ಪ ತಗ್ಗಿದವು, ಪೂರ್ತಿ ನಿಲ್ಲಲಿಲ್ಲ. ಗುರುತಿಲ್ಲದ ನಂಬರೆಂದು ಎತ್ತದೆ ಬಿಡುವ ಹಾಗೂ ಇಲ್ಲ, ಮೋಟಾರ್ ಸುಟ್ಟ ರೈತನ ನಂಬರೂ ಗುರುತಿಲ್ಲದ್ದೇ.

ನಮ್ಮನ್ನು ಕೇಳಿದರೆ, ಹೊಸದಾಗಿ ಅಂಗಡಿ ತೆರೆಯುವವರು ಐನೂರು, ಹೆಚ್ಚೆಂದರೆ ಸಾವಿರದೊಳಗೆ ಒಳ್ಳೆಯ ನಂಬರ್ ಆರಿಸಿಕೊಳ್ಳಲಿ. ಗೋಡೆ, ಬಿಲ್ಲು ಹೇಗಿದ್ದರೂ ಬರೆಸಲೇಬೇಕು, ಹೆಚ್ಚಿನ ಖರ್ಚು ಆ ಶುಲ್ಕವೊಂದೇ. ಹತ್ತಾರು ವರ್ಷದಿಂದ ಒಂದೇ ನಂಬರ್ ಇರುವವರು ಬದಲಿಸುವ ಮುಂಚೆ ಮೇಲೆ ಹೇಳಿದ ಪರೀಕ್ಷೆಯಲ್ಲಿ ತಮ್ಮ ಹಳೆಯ ನಂಬರನ್ನೂ ಹಾಕಿ ನೋಡಲಿ. ಎಂಟರಲ್ಲಿ ಮೂವರಿಗೆ ಬಾಯಿಪಾಠವಿದ್ದರೆ ಅದನ್ನೇ ಜಾಗ ಬಿಡಿಸಿ ದೊಡ್ಡದಾಗಿ ಬರೆಸಿದರೆ ಸಾಕು. ದಿನಸಿ ಅಂಗಡಿ, ಚಹಾ ಹೋಟೆಲಿನಂತೆ ಗಿರಾಕಿ ತಾನೇ ನಡೆದು ಬರುವ ವ್ಯಾಪಾರಕ್ಕೆ ಇದೆಲ್ಲ ಬೇಕಾಗಿಲ್ಲ. ಪಂಕ್ಚರ್, ಮೋಟಾರ್, ಆಟೋ, ಶಾಮಿಯಾನ, ನೀರಿನ ಟ್ಯಾಂಕರ್ ಹೀಗೆ ಅವಸರದಲ್ಲಿ ಕರೆಯುವ ಕೆಲಸಗಳಿಗೆ ಮಾತ್ರ ನಂಬರಿನ ನೆನಪು ದುಡಿಯುತ್ತದೆ.

ಕೊನೆಯದಾಗಿ, ಸಿಮ್ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ಅಂಗಡಿಯ ಹುಡುಗನ ಆಧಾರ್ ಕೊಟ್ಟು ಸಿಮ್ ತೆಗೆದುಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಅವನು ಕೆಲಸ ಬಿಟ್ಟ ದಿನ ನಂಬರೂ ಅವನದೇ. sancharsaathi.gov.in ನಲ್ಲಿ ನಿಮ್ಮ ಹೆಸರಿನಲ್ಲಿರುವ ನಂಬರುಗಳ ಪಟ್ಟಿ ಸಿಗುತ್ತದೆ. ಅಂಗಡಿಯ ನಂಬರ್ ಅದರಲ್ಲಿ ಇಲ್ಲದಿದ್ದರೆ, ಹೆಸರಿನವರು ಊರಿನಲ್ಲಿ ಇರುವಾಗಲೇ ಅವರನ್ನು ಕರೆದುಕೊಂಡು ಹೋಗಿ ಬದಲಾಯಿಸಿಕೊಳ್ಳಿ. ತಂದೆಯವರ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಮರಣ ಪತ್ರ, ವಾರಸುದಾರರ ಕಾಗದ, ನಿಮ್ಮ ಗುರುತಿನ ಚೀಟಿ ತೆಗೆದುಕೊಂಡು ಮಳಿಗೆಗೆ ಹೋಗಬೇಕು. ಅರ್ಜಿ ಬರೆಯಲು ಕಷ್ಟವಾದವರು ಸಂಘದ ಕಚೇರಿಗೆ ಸಂಜೆ ಐದರ ಮೇಲೆ ಬಂದರೆ ನಾವು ಬರೆದುಕೊಡುತ್ತೇವೆ.